ಕನ್ನಡ ಪಿಡಿಎಫ್ ಹೊರತರುವ ಅಧಿಕಾರಿಗಳಿಗೆ: ನಿಮ್ಮ ಕಡತ ಕಣ್ಣಿಗೆ ಮಾತ್ರ ಕನ್ನಡ

ಇವರಿಗೆ:
ಕನ್ನಡದಲ್ಲಿ ಪಠ್ಯ, ಪ್ರಶ್ನೆಕೋಠಿ, ಸುತ್ತೋಲೆ ಮತ್ತು ಅರ್ಜಿ ನಮೂನೆಗಳನ್ನು ಜಾಲತಾಣಕ್ಕೆ ಏರಿಸುವ ಎಲ್ಲ ಇಲಾಖೆ, ಮಂಡಳಿ ಹಾಗೂ ಪ್ರಕಾಶನ ಸಂಸ್ಥೆಗಳ ಮುಖ್ಯಸ್ಥರು

ಮಾನ್ಯರೇ,

ನಾನು ಡಿಟಿಪಿ ಕೆಲಸದವಳು. ಪೇಜ್‌ಮೇಕರ್ ಕಾಲದಿಂದ ಕನ್ನಡ ಪುಟ ಕಟ್ಟುತ್ತಾ ಬಂದಿದ್ದೇನೆ. ನನ್ನ ಮಗಳು ಈಗ ಹತ್ತನೇ ತರಗತಿ. ಅವಳಿಗೆ ಸ್ಟಾರ್ಗಾರ್ಟ್ ಎಂಬ ಕಣ್ಣಿನ ಕಾಯಿಲೆ ಇದೆ. ಅಕ್ಷಿಪಟಲದ ನಡುಭಾಗ ಸವೆಯುವ ಕಾಯಿಲೆ ಇದು. ಕನ್ನಡಕದಿಂದ ಸರಿಹೋಗುವುದಿಲ್ಲ. ಅಂಚಿನ ನೋಟ ಚೆನ್ನಾಗಿಯೇ ಇರುವುದರಿಂದ ಅವಳು ಓಡಾಡುವಾಗ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಓದಲು ಬೇಕಾಗುವುದು ನಡುವಿನ ನೋಟವೇ. ಅದೇ ಮಸುಕು. ಒಂದು ಪದ ಓದಬೇಕಾದರೆ ಅವಳು ಅದರ ಪಕ್ಕಕ್ಕೆ ದೃಷ್ಟಿ ನೆಟ್ಟು, ಓರೆಯಿಂದ ಹಿಡಿಯಬೇಕು.

ಈ ಪತ್ರ ಬರೆಯುತ್ತಿರುವುದು ಅನುಕಂಪ ಕೇಳಲು ಅಲ್ಲ. ನೀವು ಜಾಲತಾಣಕ್ಕೆ ಹಾಕುವ ಕನ್ನಡ ಪಿಡಿಎಫ್‌ಗಳ ಒಳಗೆ ಏನಿದೆ ಎಂದು ನಿಮಗೆ ತೋರಿಸಲು. ಅದು ನಿಮ್ಮ ಕಣ್ಣಿಗೆ ಬೀಳುವಂಥದ್ದಲ್ಲ. ಬಿದ್ದಿದ್ದರೆ ಇಷ್ಟು ವರ್ಷ ಹೀಗೇ ಉಳಿಯುತ್ತಿರಲಿಲ್ಲ ಎಂದು ನಂಬಿದ್ದೇನೆ.

ಮೊದಲು ಭೂತಗನ್ನಡಿಯ ಮಾತು ಹೇಳಿಬಿಡುತ್ತೇನೆ. ಕಣ್ಣು ಮಂಜಾದವರಿಗೆ ಅಕ್ಷರ ದೊಡ್ಡದು ಮಾಡಿ ಕೊಟ್ಟರೆ ಸಾಕು ಎಂದೇ ಎಲ್ಲರೂ ಅಂದುಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ 20 ಡಯಾಪ್ಟರ್‌ನ ಕೈಗನ್ನಡಿ ಇದೆ. ಐದು ಪಟ್ಟು ದೊಡ್ಡದು ಮಾಡುತ್ತದೆ. ಅದನ್ನು ಪುಟದಿಂದ ಸುಮಾರು 5 ಸೆಂಟಿಮೀಟರ್ ಎತ್ತರದಲ್ಲೇ ಹಿಡಿಯಬೇಕು. ಸ್ವಲ್ಪ ಆಚೀಚೆ ಆದರೂ ಮಸುಕಾಗುತ್ತದೆ, ಕೈಯ ನೆರಳು ಬೇರೆ ಬೀಳುತ್ತದೆ. ದೊಡ್ಡದಾದಷ್ಟೂ ಗಾಜಿನೊಳಗೆ ಕಾಣುವ ಪದಗಳು ಕಡಿಮೆಯಾಗುತ್ತವೆ. ಕನ್ನಡದಲ್ಲಿ ಇನ್ನೊಂದು ಕಷ್ಟವಿದೆ. ಒತ್ತಕ್ಷರ ಸಾಲಿನ ಕೆಳಗೆ, ಮೂಲ ಅಕ್ಷರಕ್ಕಿಂತ ಚಿಕ್ಕದಾಗಿ ಕೂರುತ್ತದೆ. ಹಾಗಾಗಿ ಮೇಲಿನ ಅಕ್ಷರ ಕಾಣುವಷ್ಟು ಹಿಗ್ಗಿಸಿದರೆ ಸಾಲದು, ಕೆಳಗಿನ ಒತ್ತು ಕಾಣುವಷ್ಟು ಹಿಗ್ಗಿಸಬೇಕು. ಫೋನಿನಲ್ಲಿ ಪಿಡಿಎಫ್ ಅನ್ನು ನಾಲ್ಕು ಪಟ್ಟು ಹಿಗ್ಗಿಸಿದರೆ ಒಂದು ಸಾಲು ಓದಲು ಪುಟವನ್ನು ಬಲಕ್ಕೆ ಎಳೆಯುತ್ತಾ ಹೋಗಬೇಕು, ಮತ್ತೆ ಎಡಕ್ಕೆ ಬಂದು ಮುಂದಿನ ಸಾಲು ಹುಡುಕಬೇಕು. ಅಷ್ಟರಲ್ಲಿ ಸಾಲೇ ತಪ್ಪಿರುತ್ತದೆ. ಎರಡು ಕಾಲಂ ಇರುವ ಪ್ರಶ್ನೆಕೋಠಿ ಆದರಂತೂ ಕೇಳಲೇಬೇಡಿ.

ಆದ್ದರಿಂದ ಅವಳು ಕಣ್ಣು, ಕಿವಿ ಎರಡನ್ನೂ ಬಳಸುತ್ತಾಳೆ. ಒಂದು ಪುಟ ಕಣ್ಣಲ್ಲಿ, ಉಳಿದದ್ದು ಕಿವಿಯಲ್ಲಿ. ಇಂಗ್ಲಿಷ್ ಪಾಠ ಆದರೆ ಫೋನಿನ ಟಾಕ್‌ಬ್ಯಾಕ್ ಅಥವಾ ಕಂಪ್ಯೂಟರಿನ ಎನ್‌ವಿಡಿಎ ಓದಿ ಹೇಳುತ್ತದೆ. ಕನ್ನಡ ಓದುವ ಧ್ವನಿಯೂ ಇವೆರಡರಲ್ಲೂ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ. ಓದುವ ಯಂತ್ರ ಇದೆ, ಕೇಳುವ ಹುಡುಗಿ ಇದ್ದಾಳೆ. ಕೆಡುವುದು ನೀವು ಕೊಡುವ ಕಡತದಲ್ಲಿ.

ಒಂದು ಉದಾಹರಣೆ ಹೇಳುತ್ತೇನೆ. ಸಮಾಜ ವಿಜ್ಞಾನದ ಒಂದು ಪ್ರಶ್ನೆಕೋಠಿಯನ್ನು ಶಾಲೆಯವರು ವಾಟ್ಸಾಪ್‌ನಲ್ಲಿ ಕಳಿಸಿದರು. ತೆರೆದರೆ ಅಚ್ಚುಕಟ್ಟಾದ ಕನ್ನಡ ಪುಟ. ಮಗಳು ಓದಿಸಲು ಹೋದರೆ ಫೋನ್ ಏನೇನೋ ಇಂಗ್ಲಿಷ್ ಅಕ್ಷರಗಳನ್ನು, ನಡುನಡುವೆ ‘ಪೌಂಡ್’ ಎಂದು ಒದರಲು ಶುರುಮಾಡಿತು. ನಾನು ಒಂದು ಪದವನ್ನು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿದೆ. ಪುಟದಲ್ಲಿ ‘ಕನ್ನಡ’ ಎಂದು ಕಾಣುತ್ತಿದ್ದುದು ಅಲ್ಲಿ ಹೀಗೆ ಬಂತು:

```
PÀ£ÀßqÀ
```

ನಮ್ಮ ಕಸುಬಿನವರಿಗೆ ಇದು ನೋಡಿದ ಕೂಡಲೇ ಗೊತ್ತಾಗುತ್ತದೆ. ಇದು ಹಳೆಯ ನುಡಿ ಫಾಂಟಿನ ಅಕ್ಷರ. ಕಂಪ್ಯೂಟರಿನಲ್ಲಿ ಕನ್ನಡಕ್ಕೆ ತನ್ನದೇ ಜಾಗ ಇಲ್ಲದ ಕಾಲದಲ್ಲಿ, ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿ ಕೆಲಸ ನಡೆಸಿದೆವು. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಜಾಗ ಕೊಡುವ ಯೂನಿಕೋಡ್ ಪೇಜ್‌ಮೇಕರ್‌ಗೆ ಅರ್ಥವಾಗುತ್ತಿರಲಿಲ್ಲ, ಬೇರೆ ದಾರಿಯೂ ಇರಲಿಲ್ಲ. ಆ ಫಾಂಟುಗಳಿಂದಲೇ ಕನ್ನಡ ಮುದ್ರಣ ಇಷ್ಟು ಬೆಳೆಯಿತು, ಅದಕ್ಕೆ ನಾನು ಋಣಿ. ಆದರೆ ಆ ಕಡತದೊಳಗೆ ಕನ್ನಡ ಇಲ್ಲ. ಇರುವುದು ಲ್ಯಾಟಿನ್ ಅಕ್ಷರ, ಅದರ ಮೇಲೆ ಕನ್ನಡದ ಆಕಾರ. ಕಣ್ಣಿರುವವರು ಆಕಾರ ಓದುತ್ತಾರೆ. ಯಂತ್ರ ಒಳಗಿರುವುದನ್ನು ಓದುತ್ತದೆ.

‘ಕನ್ವರ್ಟರ್ ಇದೆಯಲ್ಲ, ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ’ ಎನ್ನುತ್ತಾರೆ. ಮಾಡಿ ನೋಡಿದ್ದೇನೆ. ಯಾಕೆ ಅಷ್ಟು ಸಲೀಸಲ್ಲ ಎಂದು ಹೇಳುತ್ತೇನೆ. ‘ಸರ್ಕಾರ’ ಎಂಬ ಪದ ತೆಗೆದುಕೊಳ್ಳಿ. ನುಡಿಯಲ್ಲಿ ಅದು ಹೀಗಿರುತ್ತದೆ:

```
¸ÀPÁðgÀ
```

ಇಲ್ಲಿ `ð` ಎನ್ನುವುದು ಅರ್ಕಾವೊತ್ತು. ಕಾಣುವ ಕ್ರಮದಲ್ಲೇ, ಅಂದರೆ ‘ಕಾ’ ಆದಮೇಲೆ ಬಂದಿದೆ. ಯೂನಿಕೋಡ್‌ನಲ್ಲಿ ನಾವು ಉಚ್ಚರಿಸುವ ಕ್ರಮ ಬೇಕು, ‘ರ್’ ಮೊದಲು, ‘ಕಾ’ ಆಮೇಲೆ. ಕನ್ವರ್ಟರ್ ಪ್ರತಿಯೊಂದು ಅರ್ಕಾವೊತ್ತನ್ನೂ ಎತ್ತಿ ಸರಿಯಾದ ಜಾಗಕ್ಕೆ ಇಡಬೇಕು. ಒಳ್ಳೆಯ ಕನ್ವರ್ಟರ್ ಅದನ್ನು ಮಾಡುತ್ತದೆ. ಆದರೆ ಪಿಡಿಎಫ್‌ನಿಂದ ಕಾಪಿ ಮಾಡಿದಾಗ ಯಾವ ಪದ ಯಾವ ಫಾಂಟಿನಲ್ಲಿತ್ತು ಎನ್ನುವುದು ಕಳೆದುಹೋಗುತ್ತದೆ. ಸಾಲಿನ ನಡುವೆ ನಿಜವಾದ ಇಂಗ್ಲಿಷ್ ಪದವೊಂದು ಇದ್ದರೆ ಕನ್ವರ್ಟರ್ ಅದನ್ನೂ ನುಡಿ ಎಂದೇ ತಿಳಿದು ಅರ್ಥವಿಲ್ಲದ ಕನ್ನಡ ಮಾಡುತ್ತದೆ. ಜೊತೆಗೆ ಕಾಲಂ ಬೆರೆಯುತ್ತವೆ. ಪ್ರಶ್ನೆಯ ಅರ್ಧ ಒಂದು ಕಡೆ, ಆಯ್ಕೆಗಳು ಇನ್ನೊಂದು ಕಡೆ. ಡಿಟಿಪಿ ಗೊತ್ತಿರುವ ನಾನು ಪುಟದ ಮುಂದೆ ಕೂತು ಹೋಲಿಸಿ ತಿದ್ದಬಹುದು. ಹೊಲದ ಕೆಲಸಕ್ಕೆ ಹೋಗುವ ಅಪ್ಪ ಅಮ್ಮ ಏನು ಮಾಡಬೇಕು? ಕಣ್ಣು ಕಾಣದ ಹುಡುಗನೇ ಆ ತಪ್ಪು ಹುಡುಕಬೇಕೇ?

ಎರಡನೇ ಬಗೆಯ ಕಡತ ಸ್ಕ್ಯಾನ್ ಮಾಡಿದ್ದು. ಸುತ್ತೋಲೆಗಳು ಬಹುಪಾಲು ಹೀಗೇ ಬರುತ್ತವೆ. ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ಪ್ರಿಂಟ್ ತೆಗೆದು, ಸಹಿ ಸೀಲು ಹಾಕಿ, ಅದನ್ನು ಸ್ಕ್ಯಾನ್ ಮಾಡಿ ಏರಿಸುತ್ತಾರೆ. ಒಳಗೆ ಅಕ್ಷರವೇ ಇಲ್ಲ, ಬರೀ ಫೋಟೋ. ಓದುವ ಆ್ಯಪ್ ‘ಖಾಲಿ ಪುಟ’ ಎನ್ನುತ್ತದೆ ಅಥವಾ ಸುಮ್ನೆ ಇರುತ್ತದೆ. ಫೋಟೋದಿಂದ ಅಕ್ಷರ ಗುರುತಿಸುವ ಓಸಿಆರ್ ಹಾಕಿದರೆ ಸ್ವಲ್ಪ ಸಿಗುತ್ತದೆ. ಆದರೆ ‘ಮ’ ಮತ್ತು ‘ವು’ ಅದಲು ಬದಲಾಗುತ್ತವೆ, ಮಸುಕಾದ ಒತ್ತು ಬಿದ್ದುಹೋಗುತ್ತದೆ, ಸೀಲಿನ ಕೆಳಗಿನ ದಿನಾಂಕ ಅಳಿಸಿರುತ್ತದೆ. ಸುತ್ತೋಲೆಯಲ್ಲಿ ದಿನಾಂಕ ತಪ್ಪಿದರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ.

ಮೂರನೇ ಬಗೆ ಎಲ್ಲಕ್ಕಿಂತ ಮೋಸದ್ದು. ಇಲ್ಲಿ ಯೂನಿಕೋಡ್ ಫಾಂಟನ್ನೇ ಬಳಸಿರುತ್ತಾರೆ. ನಮ್ಮದು ಸರಿಯಿದೆ ಎಂದು ನಂಬಿರುತ್ತಾರೆ. ಆದರೆ ಪಿಡಿಎಫ್ ಮಾಡಿದ ರೀತಿಯಿಂದ ಒಳಗಿನ ಕ್ರಮ ಕೆಟ್ಟಿರುತ್ತದೆ. ಪುಟದಲ್ಲಿ ‘ಕರ್ನಾಟಕ’ ಎಂದು ಕಾಣುತ್ತದೆ. ಕಾಪಿ ಮಾಡಿದರೆ ‘ಕನಾರ್ಟಕ’ ಎಂದು ಬರುತ್ತದೆ. ‘ಸರ್ಕಾರ’ ಹೋಗಿ ‘ಸಕಾರ್ರ’ ಆಗುತ್ತದೆ. ಅಲ್ಲಿಯೂ ಅದೇ ಅರ್ಕಾವೊತ್ತಿನ ಕತೆ. ಪಿಡಿಎಫ್ ಒಳಗೆ ಅಕ್ಷರದ ಚಿತ್ರಗಳಿರುತ್ತವೆ, ಯಾವ ಚಿತ್ರ ಯಾವ ಅಕ್ಷರ ಎಂದು ಹೇಳುವ ಒಂದು ಪಟ್ಟಿ ಇರುತ್ತದೆ. ಆ ಪಟ್ಟಿ ಚಿತ್ರಗಳನ್ನು ಕಂಡ ಕ್ರಮದಲ್ಲೇ ಒಪ್ಪಿಸಿದಾಗ ಹೀಗಾಗುತ್ತದೆ. ಅಂತರ್ಜಾಲದಲ್ಲಿ ‘ಕನಾರ್ಟಕ’ ಎಂದು ಹುಡುಕಿ ನೋಡಿ, ಎಷ್ಟು ಕಡೆ ಸಿಗುತ್ತದೆ ಎಂದು.

ಮಗಳಿಗೆ ಇದು ಕಿರಿಕಿರಿ, ಆದರೆ ಊಹಿಸಿಕೊಳ್ಳುತ್ತಾಳೆ. ನಿಜವಾದ ಪೆಟ್ಟು ಬೀಳುವುದು ಬೇರೆ ಮಕ್ಕಳಿಗೆ. ನಮ್ಮ ಪಕ್ಕದ ಮನೆಯಲ್ಲಿ ಡಿಸ್ಲೆಕ್ಸಿಯಾ ಇರುವ ಹುಡುಗನೊಬ್ಬ ಇದ್ದಾನೆ, ಏಳನೇ ತರಗತಿ. ಅವನ ಕಣ್ಣು ಚೆನ್ನಾಗಿದೆ, ಬುದ್ಧಿ ಚುರುಕು. ಪಾಠ ಓದಿ ಹೇಳಿದರೆ ಪ್ರಶ್ನೆಗೆ ಪಟಪಟ ಉತ್ತರ ಕೊಡುತ್ತಾನೆ. ಅಕ್ಷರವನ್ನು ಸದ್ದಿಗೆ ಜೋಡಿಸುವುದರಲ್ಲೇ ಅವನಿಗೆ ಕಷ್ಟ. ಕನ್ನಡದಲ್ಲಿ ಮಗು ಕಲಿಯಬೇಕಾದ ಆಕಾರಗಳೂ ಜಾಸ್ತಿ. ಗುಣಿತ, ಒತ್ತು ಎಲ್ಲ ಸೇರಿ ನೂರಾರು. ಎಲ್ಲ ಮಕ್ಕಳಿಗೂ ಅದು ನಾಲ್ಕನೇ ತರಗತಿಯ ತನಕ, ಆಮೇಲೂ ನಡೆಯುವ ಕಲಿಕೆ. ಇವನಿಗೆ ಇನ್ನೂ ನಿಧಾನ. ಅವನಿಗೆ ಉಪಯೋಗವಾದದ್ದು ಆಂಡ್ರಾಯ್ಡ್ ಫೋನಿನ ಸೆಲೆಕ್ಟ್ ಟು ಸ್ಪೀಕ್. ಧ್ವನಿ ಓದುತ್ತಾ ಹೋದಂತೆ ಪರದೆಯಲ್ಲಿ ಆ ಪದಕ್ಕೆ ಬಣ್ಣ ಬರುತ್ತದೆ. ಕಿವಿಗೆ ಬಿದ್ದ ಸದ್ದು, ಕಣ್ಣಿಗೆ ಕಂಡ ಪದ ಎರಡೂ ಒಟ್ಟಿಗೆ ಸಿಗುತ್ತವೆ. ಅವನು ಅದನ್ನು ಇಷ್ಟಪಟ್ಟು ಬಳಸುತ್ತಾನೆ.

ಈಗ ಯೋಚಿಸಿ. ಪರದೆಯ ಮೇಲೆ ‘ಕರ್ನಾಟಕ’, ಕಿವಿಯಲ್ಲಿ ‘ಕನಾರ್ಟಕ’. ಚೆನ್ನಾಗಿ ಓದಬಲ್ಲವರು ‘ಯಂತ್ರ ತಪ್ಪು ಓದಿತು’ ಎಂದು ಮುಂದೆ ಹೋಗುತ್ತಾರೆ. ಓದುವುದರಲ್ಲಿ ಸದಾ ‘ನಿನ್ನದು ತಪ್ಪು’ ಎನ್ನಿಸಿಕೊಂಡ ಹುಡುಗ ಹಾಗೆ ಮಾಡುವುದಿಲ್ಲ. ತಾನು ಕಂಡದ್ದೇ ತಪ್ಪು ಎಂದುಕೊಳ್ಳುತ್ತಾನೆ. ಅರ್ಕಾವೊತ್ತು ಅವನಿಗೆ ಮೊದಲೇ ಗೊಂದಲ. ನಿಮ್ಮ ಕಡತ ಆ ಗೊಂದಲವನ್ನೇ ಪಾಠ ಮಾಡಿ ಕಲಿಸುತ್ತಿದೆ. ಏನೂ ಓದದ ಕಡತಕ್ಕಿಂತ ಇದು ಕೆಟ್ಟದ್ದು ಎಂದು ನನ್ನ ಅನಿಸಿಕೆ.

ಬರೆಯುವ ಕಡೆಯೂ ಇದೇ ಕತೆ. ಗೂಗಲ್‌ನ ಧ್ವನಿ ಟೈಪಿಂಗ್ ಕನ್ನಡಕ್ಕೆ ಬಂದದ್ದು 2017ರಲ್ಲಿ. ನನ್ನ ಮಗಳು ಉತ್ತರಗಳನ್ನು ಮಾತಿನಲ್ಲೇ ಹೇಳಿ ಬರೆಸುತ್ತಾಳೆ. ಪೂರ್ಣವಿರಾಮ, ಪ್ಯಾರಾ ಕೈಯಲ್ಲೇ ಹಾಕಬೇಕು. ಮನೆಯ ಮಾತಿನಲ್ಲಿ ಹೇಳಿದರೆ ಪದದ ಕೊನೆ ತಪ್ಪುತ್ತದೆ. ಆದರೂ ಅವಳ ಕೆಲಸ ಆಗುತ್ತದೆ. ಹಾಗೆ ಬರೆದ ಒಂದು ಪ್ರಬಂಧವನ್ನು ಸ್ಪರ್ಧೆಯೊಂದಕ್ಕೆ ಕಳಿಸಿದಾಗ ‘ನುಡಿ ಫಾಂಟಿನಲ್ಲಿ ಕಳಿಸಿದರೆ ಮಾತ್ರ ಸ್ವೀಕರಿಸುತ್ತೇವೆ’ ಎಂಬ ಉತ್ತರ ಬಂತು. ಧ್ವನಿ ಟೈಪಿಂಗ್‌ನಿಂದ ಬರುವುದು ಯೂನಿಕೋಡ್ ಮಾತ್ರ. ಅಂದರೆ ಕೈಯಿಂದ ಟೈಪ್ ಮಾಡಬಲ್ಲವರಿಗೆ ಮಾತ್ರ ಬಾಗಿಲು ತೆರೆದಿದೆ ಎಂದಾಯಿತು. ಅವರ ಉದ್ದೇಶ ಅದಲ್ಲ, ಗೊತ್ತು. ಆದರೆ ಆದದ್ದು ಅದೇ.

ಆ ಪ್ರಶ್ನೆಕೋಠಿಯ ವಿಷಯಕ್ಕೆ ನಾನು ಅದನ್ನು ಹೊರತಂದ ಕಚೇರಿಗೆ ಫೋನ್ ಮಾಡಿದೆ. ‘ಪಿಡಿಎಫ್ ಓಪನ್ ಆಗ್ತಿದೆಯಲ್ವಾ ಮೇಡಂ, ಮತ್ತೇನು ತೊಂದರೆ?’ ಎಂದರು. ವಿವರಿಸಿದೆ. ತಾಳ್ಮೆಯಿಂದ ಕೇಳಿಸಿಕೊಂಡರು. ಸರಿ, ಹಾಗಾದರೆ ಮೂಲ ಕಡತವನ್ನೇ ಕೊಡಿ, ನಾನೇ ಸರಿಮಾಡಿ ಕೊಡುತ್ತೇನೆ ಎಂದೆ. ‘ಅದು ನಮ್ಮ ಹತ್ರ ಇಲ್ಲ, ಡಿಟಿಪಿ ಮಾಡಿದವರ ಹತ್ರ ಇರುತ್ತೆ’ ಎಂದರು. ಇದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಜನರ ದುಡ್ಡಿನಲ್ಲಿ ಬರೆಸಿದ ಪುಸ್ತಕದ ಅಕ್ಷರ ಇಲಾಖೆಯ ಬಳಿ ಇಲ್ಲ. ಅದರ ಅಚ್ಚು ಮಾತ್ರ ಇದೆ. ಗುತ್ತಿಗೆ ಮುಗಿದು ಆ ಅಂಗಡಿಯ ಕಂಪ್ಯೂಟರ್ ಕೆಟ್ಟರೆ ಮುಂದಿನ ಪರಿಷ್ಕರಣೆಗೆ ನೀವೂ ಮೊದಲಿನಿಂದ ಟೈಪ್ ಮಾಡಿಸಬೇಕು.

ಕಾನೂನಿನ ಮಾತು ಸ್ವಲ್ಪ ಹೇಳಲೇಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಮಂದದೃಷ್ಟಿಯೂ ಇದೆ, ಡಿಸ್ಲೆಕ್ಸಿಯಾ ಸೇರಿದ ಕಲಿಕಾ ನ್ಯೂನತೆಯೂ ಇದೆ. ಅದರ 42ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ಮಾಧ್ಯಮದ ವಿಷಯಗಳು ಇಂಥವರಿಗೂ ಬಳಸಲು ಬರುವ ರೂಪದಲ್ಲಿ ಇರುವಂತೆ ಸರ್ಕಾರ ನೋಡಿಕೊಳ್ಳಬೇಕು. 2017ರ ನಿಯಮಗಳಲ್ಲಿ 15ನೆಯದು, ಜಾಲತಾಣದ ದಾಖಲೆಗಳು ಇಪಬ್ ಎಂಬ ಇ-ಪುಸ್ತಕದ ರೂಪದಲ್ಲಿ ಅಥವಾ ಓಸಿಆರ್ ಆಧಾರಿತ ಪಿಡಿಎಫ್ ರೂಪದಲ್ಲಿ ಇರಬೇಕು ಎಂದಿತು. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಆ 15ನೇ ನಿಯಮ ಬರೀ ಶಿಫಾರಸಿನಂತಿದೆ, ಕಾಯ್ದೆ ಕೇಳುವುದು ಕಡ್ಡಾಯದ ಮಾನದಂಡಗಳನ್ನು ಎಂದು ಹೇಳಿತು. ಮೂರು ತಿಂಗಳಲ್ಲಿ ಕಡ್ಡಾಯ ನಿಯಮ ರೂಪಿಸಲು ಕೇಂದ್ರಕ್ಕೆ ಸೂಚಿಸಿತು. ಹಾಗಾಗಿ ಇದು ನಿಮ್ಮ ಔದಾರ್ಯಕ್ಕೆ ಬಿಟ್ಟ ವಿಷಯ ಅಲ್ಲ. ಹಕ್ಕುಸ್ವಾಮ್ಯದ ಅಡ್ಡಿಯೂ ಇಲ್ಲ. ಓದಲಾಗದವರಿಗಾಗಿ ಬೇರೆ ರೂಪದಲ್ಲಿ ಪ್ರತಿ ಮಾಡಿಕೊಡಲು 2012ರಲ್ಲಿ ತಿದ್ದಿದ ಹಕ್ಕುಸ್ವಾಮ್ಯ ಕಾಯ್ದೆಯೇ ಅವಕಾಶ ಕೊಟ್ಟಿದೆ.

ಈಗ ನನ್ನ ಕೋರಿಕೆಗಳು. ದೊಡ್ಡ ಯೋಜನೆ, ಹೊಸ ತಂತ್ರಾಂಶ, ಟ್ಯಾಬ್ಲೆಟ್ ಹಂಚಿಕೆ ಯಾವುದನ್ನೂ ಕೇಳುತ್ತಿಲ್ಲ.

ಮೊದಲನೆಯದು, ಏರಿಸುವ ಮುನ್ನ ಪರೀಕ್ಷೆ. ಪಿಡಿಎಫ್‌ನಿಂದ ಒಂದು ಪ್ಯಾರಾ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ. ಏನೂ ಆಯ್ಕೆಯಾಗದಿದ್ದರೆ ಅದು ಫೋಟೋ. `PÀ£ÀßqÀ` ತರಹ ಬಂದರೆ ಹಳೆಯ ಫಾಂಟು. ಕನ್ನಡವೇ ಬಂದರೂ ಅರ್ಕಾವೊತ್ತಿನ ಪದಗಳನ್ನು ನೋಡಿ, ‘ಕನಾರ್ಟಕ’ ಆಗಿದ್ದರೆ ಕೆಟ್ಟಿದೆ. ಆಮೇಲೆ ಒಂದು ಪುಟವನ್ನು ಎನ್‌ವಿಡಿಎಯಲ್ಲಿ ಓದಿಸಿ, ಪರದೆ ನೋಡದೆ ಕೇಳಿ. ಪ್ರಶ್ನೆ ಮತ್ತು ಆಯ್ಕೆಗಳ ಕ್ರಮ ಸರಿಯಿದೆಯೇ ಎಂದು ಆಗ ಗೊತ್ತಾಗುತ್ತದೆ. ಐದು ನಿಮಿಷದ ಕೆಲಸ. ಇದನ್ನು ಒಬ್ಬರ ಹೆಸರಿಗೆ ವಹಿಸಿ. ಎಲ್ಲರ ಕೆಲಸ ಎಂದರೆ ಯಾರೂ ಮಾಡುವುದಿಲ್ಲ.

ಎರಡನೆಯದು ಟೆಂಡರಿನದು, ನಾನು ಹೆಚ್ಚು ಒತ್ತಿ ಕೇಳುವುದು ಇದನ್ನೇ. ಡಿಟಿಪಿ ಗುತ್ತಿಗೆಯಲ್ಲಿ ಮೂರು ಷರತ್ತು ಸೇರಿಸಿ. ಅಕ್ಷರ ಯೂನಿಕೋಡ್‌ನಲ್ಲೇ ಇರಬೇಕು. ಮೂಲ ಕಡತವನ್ನು ಇಲಾಖೆಗೆ ಒಪ್ಪಿಸಬೇಕು. ಮುದ್ರಣದ ಪಿಡಿಎಫ್ ಜೊತೆ ಇಪಬ್ ಕೂಡ ಕೊಡಬೇಕು. ಕೊನೆಯ ಬಿಲ್ಲು ಪಾಸಾಗುವುದು ಮೇಲಿನ ಪರೀಕ್ಷೆ ಆದಮೇಲೆ. ಇಪಬ್‌ನಲ್ಲಿ ಅಕ್ಷರ ದೊಡ್ಡದು ಮಾಡಿದರೆ ಸಾಲು ತಾನಾಗಿ ಮಡಚಿಕೊಳ್ಳುತ್ತದೆ, ಎಡ ಬಲ ಎಳೆದಾಡುವ ಕಾಟ ಇರುವುದಿಲ್ಲ. ‘ನಮ್ಮ ಆಪರೇಟರ್‌ಗಳಿಗೆ ಯೂನಿಕೋಡ್ ಬರುವುದಿಲ್ಲ’ ಎಂಬ ಮಾತು ನಿಮ್ಮ ಕಿವಿಗೆ ಬಿದ್ದರೆ ನಂಬಬೇಡಿ. ನುಡಿಯಲ್ಲೇ ಯೂನಿಕೋಡ್ ಇದೆ, ಕೀಲಿಮಣೆ ಅದೇ. ಬೆರಳು ಹೊಸದಾಗಿ ಏನೂ ಕಲಿಯಬೇಕಿಲ್ಲ. ಪುಟ ಕಟ್ಟುವ ಇನ್‌ಡಿಸೈನ್‌ನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆರಿಸಿಕೊಂಡರೆ ಒತ್ತಕ್ಷರ ಸರಿಯಾಗಿ ಕೂರುತ್ತದೆ. ನಾನು ಈಗ ಮಾಡುವ ಎಲ್ಲ ಪುಸ್ತಕಗಳೂ ಹಾಗೇ.

ಸುತ್ತೋಲೆಗಳಿಗೆ ಇಷ್ಟೂ ಬೇಡ. ಸಹಿ ಹಾಕಿದ ಸ್ಕ್ಯಾನ್ ಪ್ರತಿ ಇರಲಿ, ಪಕ್ಕದಲ್ಲೇ ಟೈಪ್ ಮಾಡಿದ ವರ್ಡ್ ಕಡತವನ್ನೂ ಹಾಕಿ. ಅದು ಹೇಗೂ ನಿಮ್ಮ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತದೆ. ವರ್ಡ್‌ನಿಂದ ಪಿಡಿಎಫ್ ಮಾಡುವಾಗ `Microsoft Print to PDF` ಬಳಸಬೇಡಿ, `Save As` ಮೂಲಕ ಉಳಿಸಿ, `Document structure tags for accessibility` ಎಂಬಲ್ಲಿ ಗುರುತು ಹಾಕಿ. ಆಗ ಶೀರ್ಷಿಕೆ ಯಾವುದು, ಪ್ಯಾರಾ ಯಾವುದು ಎಂಬ ಗುರುತುಗಳು ಉಳಿಯುತ್ತವೆ. ಆದರೂ ಕನ್ನಡಕ್ಕೆ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ವರ್ಡ್ ಕಡತವೇ ಹೆಚ್ಚು ನಂಬಿಕೆಯದು, ಅಲ್ಲಿ ಅರ್ಕಾವೊತ್ತು ಜಾಗ ತಪ್ಪುವುದಿಲ್ಲ. ಹಾಗೆಯೇ ಜನರಿಂದ ಬರಹ, ಅರ್ಜಿ ತರಿಸಿಕೊಳ್ಳುವಾಗ ಯೂನಿಕೋಡ್ ಬೇಡ ಎನ್ನುವುದನ್ನು ದಯವಿಟ್ಟು ನಿಲ್ಲಿಸಿ. ಹಳೆಯ ಫಾಂಟು ನಿಮಗೇ ಬೇಕಿದ್ದರೆ ಬದಲಾಯಿಸಿಕೊಳ್ಳುವ ಕೆಲಸ ನಿಮ್ಮ ಕಚೇರಿಯಲ್ಲಿ ಆಗಲಿ.

ಹಳೆಯ ಕಡತಗಳೆಲ್ಲವನ್ನೂ ಒಂದೇ ಸಲ ಸರಿಮಾಡಿ ಎಂದು ಕೇಳುವುದಿಲ್ಲ. ಎಂಟರಿಂದ ಹತ್ತನೇ ತರಗತಿಯವರು ಈಗ ಬಳಸುತ್ತಿರುವ ಪ್ರಶ್ನೆಕೋಠಿ, ಟಿಪ್ಪಣಿಗಳಿಂದ ಶುರುಮಾಡಿ. ಮೂಲ ಕಡತ ಇನ್ನೂ ಸಿಗುವಂಥವನ್ನು ಈಗಲೇ ಡಿಟಿಪಿ ಅಂಗಡಿಗಳಿಂದ ತರಿಸಿಟ್ಟುಕೊಳ್ಳಿ. ಮೂಲ ಕಡತ ಸಿಕ್ಕಿದರೆ ಫಾಂಟಿನ ಹೆಸರೂ ಉಳಿದಿರುತ್ತದೆ, ಆಗ ಇಂಗ್ಲಿಷ್ ಪದಗಳನ್ನು ಬಿಟ್ಟು ಕನ್ನಡವನ್ನಷ್ಟೇ ಬದಲಾಯಿಸಬಹುದು. ಕೈಯಲ್ಲಿ ತಿದ್ದುವ ಕೆಲಸ ಬಹಳ ಇಳಿಯುತ್ತದೆ.

ಈ ಮೂರೂ ಬಗೆಯ ಕಡತಗಳ ಮಾದರಿ ನನ್ನ ಬಳಿ ಇದೆ, ಜೊತೆಗೆ ಅವು ಹೇಗೆ ಓದಿಸಿಕೊಳ್ಳುತ್ತವೆ ಎಂಬ ಧ್ವನಿಮುದ್ರಣವೂ ಇದೆ. ನಿಮ್ಮಲ್ಲಿ ಯಾವ ಕಚೇರಿ ಕರೆದರೂ ಬಂದು ತೋರಿಸುತ್ತೇನೆ, ಆಪರೇಟರ್‌ಗಳ ಜೊತೆ ಕೂತು ಒಂದು ಪುಸ್ತಕವನ್ನು ಪೂರ್ತಿ ಮಾಡಿ ಕೊಡುತ್ತೇನೆ. ಹತ್ತನೇ ತರಗತಿಯ ಪರೀಕ್ಷೆಗೆ ಮೊದಲು ಕನಿಷ್ಠ ಆ ತರಗತಿಯ ಸಾಮಗ್ರಿ ಸರಿಯಾಗಬೇಕು. ಯಾವ ಕಡತ ಯಾವಾಗ ಸರಿಯಾಗುತ್ತದೆ, ಅದಕ್ಕೆ ಯಾರು ಜವಾಬ್ದಾರರು ಎಂದು ಬರಹದಲ್ಲಿ ತಿಳಿಸಬೇಕೆಂದು ಕೋರುತ್ತೇನೆ. ಆ ಉತ್ತರವನ್ನು ದಯವಿಟ್ಟು ಸ್ಕ್ಯಾನ್ ಮಾಡಿ ಕಳಿಸಬೇಡಿ, ಟೈಪ್ ಮಾಡಿ ಕಳಿಸಿ. ಅದನ್ನು ನನ್ನ ಮಗಳೂ ಓದಬೇಕು.

ಇಂತಿ ತಮ್ಮ ವಿಶ್ವಾಸಿ,
ಡಿಟಿಪಿ ಕೆಲಸದ ಒಬ್ಬ ತಾಯಿ
ತುಮಕೂರು